ಎರಡೂವರೆ ಲಕ್ಷ ಆರು ಲಕ್ಷ ಆಗ್ಲಿಕ್ಕೆ ಎಷ್ಟು ವರ್ಷ? ಲಾಗ್ ಹಾಕಿ ಲೆಕ್ಕ ಮಾಡುವ ಕ್ರಮ

ಹೋದ ವಾರ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಮಾವನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುವವರು ಕೂತಿದ್ರು, ಮಾವ ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಏನೋ ಲೆಕ್ಕ ಬರೀತಾ ಇದ್ರು. ಅಡಿಕೆ ಮಾರಿದ ದುಡ್ಡಲ್ಲಿ ಎರಡೂವರೆ ಲಕ್ಷ ಎಫ್‌ಡಿ ಇಡುವ ಅಂದಾಜು ಅವರದ್ದು, ಬಡ್ಡಿ 7%, ಮೊಮ್ಮಗಳು ಈಗ ಒಂದನೇ ಕ್ಲಾಸು, ಅವಳ ಕಾಲೇಜಿಗೆ ಆರು ಲಕ್ಷ ಆಗ್ಬೇಕು. "ವರ್ಷಕ್ಕೆ ಹದಿನೇಳೂವರೆ ಸಾವಿರ ಬಡ್ಡಿ, ಇನ್ನು ಮೂರೂವರೆ ಲಕ್ಷ ಬೇಕು, ಭಾಗಿಸಿದ್ರೆ ಇಪ್ಪತ್ತು ವರ್ಷ ಬರ್ತದೆ ಮಾರಾಯ, ಅಷ್ಟೊತ್ತಿಗೆ ಅವಳ ಮದುವೆ ಆಗಿರ್ತದೆ" ಅಂದ್ರು.

ಇಪ್ಪತ್ತು ವರ್ಷ ಬಂದದ್ದು ಬಡ್ಡಿ ಬಂದ ಹಾಗೆ ಹೊರಗೆ ತೆಗೆದು ಇಟ್ಟರೆ. ಅದು ಸರಳ ಬಡ್ಡಿ ಲೆಕ್ಕ. ಬಡ್ಡಿಯನ್ನ ಅಲ್ಲೇ ಬಿಟ್ಟರೆ ಬಡ್ಡಿಗೂ ಬಡ್ಡಿ ಸೇರ್ತದೆ, ಆಗ ಇಷ್ಟು ಕಾಯ್ಬೇಕಾಗಿಲ್ಲ. ಹಾಗಾದ್ರೆ ಎಷ್ಟು? ಇದಕ್ಕೆ ಅಂದಾಜು ಹೇಳುವವರು ಬೇಕಾದಷ್ಟು ಜನ ಇದ್ದಾರೆ, 72ನ್ನ ಬಡ್ಡಿ ದರದಿಂದ ಭಾಗಿಸು ಡಬಲ್ ಆಗುವ ವರ್ಷ ಸಿಗ್ತದೆ ಅಂತ, ಅದು ಡಬಲ್‌ಗೆ ಪರವಾಗಿಲ್ಲ, ಆದ್ರೆ ಮಾವನಿಗೆ ಬೇಕಾದದ್ದು ಡಬಲ್ ಅಲ್ಲ, 2.4 ಪಟ್ಟು. ಅಲ್ಲಿಗೆ ಆ ಸೂತ್ರ ಮುಗೀತು. ಯಾವ ಪಟ್ಟು ಬೇಕಾದ್ರೂ ಸರಿಯಾಗಿ ಹೇಳುವ ದಾರಿ ಒಂದೇ, ಲಾಗ್. ಪ್ಲಸ್ ಟುವಿನಲ್ಲಿ ಲಾಗ್ ಟೇಬಲ್ ನೋಡಿ ಬೇಜಾರಾದವರಿಗೂ ಇದು ಕಷ್ಟ ಇಲ್ಲ, ಫೋನಲ್ಲಿ ಎರಡು ಸಲ ಒಂದು ಬಟನ್ ಒತ್ತಿದ್ರೆ ಆಯ್ತು. ಕಷ್ಟ ಇರುವುದು ಒತ್ತುವ ಮೊದಲು ಸಂಖ್ಯೆ ಸರಿ ಹಾಕುವುದರಲ್ಲಿ, ಬಂದ ಉತ್ತರವನ್ನ ಸರಿಯಾಗಿ ಓದುವುದರಲ್ಲಿ. ಹಾಗಾಗಿ ಮಾವನ ಲೆಕ್ಕವನ್ನೇ ಇಟ್ಕೊಂಡು ಹೇಳ್ತೇನೆ.

ಮೊದಲು: ಬಡ್ಡಿ ಎಷ್ಟು ಸಮಯಕ್ಕೊಮ್ಮೆ ಅಸಲಿಗೆ ಸೇರ್ತದೆ ಅಂತ ಕೇಳಿ

ನಮ್ಮಲ್ಲಿ ಬ್ಯಾಂಕ್ ಎಫ್‌ಡಿಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರ್ತದೆ, ಕ್ವಾರ್ಟರ್ ಅಂತ ಹೇಳುವುದು ಅದಕ್ಕೇ. ಕೆಲವು ಕಡೆ ವರ್ಷಕ್ಕೊಮ್ಮೆ ಇರ್ತದೆ. ರಸೀದಿಯಲ್ಲಿ ಬರೆದಿರ್ತದೆ, ಮಲಯಾಳಂ ಓದ್ಲಿಕ್ಕೆ ಬರದಿದ್ರೆ ಕೌಂಟರಲ್ಲೇ ಕೇಳಿ, ನಾಚಿಕೆ ಬೇಡ. ಇನ್ನೊಂದು ಮಾತೂ ಕೇಳಿ: ಬಡ್ಡಿ ಪ್ರತಿ ಕ್ವಾರ್ಟರ್ ಉಳಿತಾಯ ಖಾತೆಗೆ ಬೀಳ್ತದಾ, ಎಫ್‌ಡಿಯಲ್ಲೇ ಉಳೀತದಾ. ಖಾತೆಗೆ ಬೀಳುವುದಾದ್ರೆ ಈ ಲೇಖನ ನಿಮಗೆ ಅನ್ವಯ ಆಗುವುದೇ ಇಲ್ಲ, ಮಾವನ ಇಪ್ಪತ್ತು ವರ್ಷವೇ ಸರಿ.

ಮಾವನದ್ದು ಕ್ವಾರ್ಟರ್‌ಗೊಮ್ಮೆ, ಎಫ್‌ಡಿಯಲ್ಲೇ ಉಳಿಯುವಂಥದ್ದು. ಹಾಗಾದ್ರೆ 7%ನ್ನ 4ರಿಂದ ಭಾಗಿಸಬೇಕು, ಕ್ವಾರ್ಟರ್‌ಗೆ 1.75%. ಅಂದ್ರೆ ಮೂರು ತಿಂಗಳಿಗೊಮ್ಮೆ ಇದ್ದ ದುಡ್ಡು 1.0175ರಿಂದ ಗುಣಿಸ್ತಾ ಹೋಗ್ತದೆ. ಇದೊಂದು ಸಂಖ್ಯೆಯನ್ನ ಪೂರ್ತಿ ನಾಲ್ಕು ದಶಮಾಂಶದವರೆಗೆ ಹಾಗೇ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೇನೆ.

ಇನ್ನು ಎಷ್ಟು ಪಟ್ಟು ಬೇಕು ಅಂತ. 6,00,000ನ್ನ 2,50,000ರಿಂದ ಭಾಗಿಸಿದ್ರೆ 2.4. ಈಗ ಪ್ರಶ್ನೆ ಇಷ್ಟೇ ಉಳೀತು: 1.0175ನ್ನ ಎಷ್ಟು ಸಲ ಗುಣಿಸಿದ್ರೆ 2.4 ಆಗ್ತದೆ? ರೂಪಾಯಿ ಲೆಕ್ಕದಿಂದ ಹೊರಗೆ ಹೋಯ್ತು ನೋಡಿ. ಇಪ್ಪತ್ತೈದು ಸಾವಿರ ಇಟ್ಟು ಅರವತ್ತು ಸಾವಿರಕ್ಕೆ ಕಾಯುವವರಿಗೂ ಇದೇ ಉತ್ತರ, ಎರಡೂವರೆ ಕೋಟಿ ಇಟ್ಟವರಿಗೂ ಇದೇ.

ಲಾಗ್ ಇಲ್ಲಿ ಮಾಡುವ ಕೆಲಸ

ಗುಣಿಸುತ್ತಾ ಹೋಗುವುದನ್ನ ಕೂಡಿಸುತ್ತಾ ಹೋಗುವುದಾಗಿ ಬದಲಾಯಿಸುವುದೇ ಲಾಗ್. 1.0175ನ್ನ ಮತ್ತೆ ಮತ್ತೆ ಗುಣಿಸುವ ಬದಲು ಅದರ ಲಾಗನ್ನ ಮತ್ತೆ ಮತ್ತೆ ಕೂಡಿಸಿದ್ರೆ ಸಾಕು. ಹಾಗಾಗಿ 2.4ರ ಲಾಗ್ ಅಂದ್ರೆ ಒಟ್ಟು ನಡೀಬೇಕಾದ ದೂರ, 1.0175ರ ಲಾಗ್ ಅಂದ್ರೆ ಒಂದು ಹೆಜ್ಜೆಯ ಉದ್ದ ಅಂತ ತಿಳ್ಕೊಳ್ಳಿ. ದೂರವನ್ನ ಹೆಜ್ಜೆಯಿಂದ ಭಾಗಿಸಿದ್ರೆ ಎಷ್ಟು ಹೆಜ್ಜೆ ಅಂತ ಗೊತ್ತಾಗ್ತದೆ, ಇಲ್ಲಿ ಒಂದು ಹೆಜ್ಜೆ ಅಂದ್ರೆ ಒಂದು ಕ್ವಾರ್ಟರ್. ಇದಕ್ಕಿಂತ ಹೆಚ್ಚು ಇದರಲ್ಲಿ ಏನೂ ಇಲ್ಲ.

ನನಗೆ ತುಂಬ ಇಷ್ಟದ ವಿಷಯ ಒಂದುಂಟು. ನೇಪಿಯರ್ 1614ರಲ್ಲಿ ಲಾಗ್ ಟೇಬಲ್ ಪ್ರಕಟಿಸಿದ ಅಂತ ಎಲ್ಲರೂ ಓದಿದ್ದೇವೆ, ಆದ್ರೆ ಬ್ಯುರ್ಗಿ ಅಂತ ಸ್ವಿಟ್ಜರ್ಲೆಂಡಿನ ಗಡಿಯಾರ ಮಾಡುವವನೊಬ್ಬ ಸ್ವಂತವಾಗಿ ಅಂಥದ್ದೇ ಟೇಬಲ್ ಮಾಡಿ 1620ರಲ್ಲಿ ಅಚ್ಚು ಹಾಕಿಸಿದ. ಅವನು ಮಾಡಿದ್ದು 1.0001ನ್ನ ಮತ್ತೆ ಮತ್ತೆ ಗುಣಿಸಿ ಪಟ್ಟಿ ಬರೆದದ್ದು. ನೋಡಿದ್ರೆ ಅದು 0.01% ಬಡ್ಡಿಯ ಚಕ್ರಬಡ್ಡಿ ಪಟ್ಟಿಯ ಹಾಗೇ ಉಂಟು! ಲಾಗಿಗೂ ಚಕ್ರಬಡ್ಡಿಗೂ ಅಷ್ಟು ಹತ್ತಿರದ ಸಂಬಂಧ.

ಒತ್ತುವುದು ಹೀಗೆ

ಫೋನಿನ ಕ್ಯಾಲ್ಕುಲೇಟರನ್ನ ಅಡ್ಡ ಹಿಡಿದ್ರೆ ಅಥವಾ ಅದರಲ್ಲಿರುವ ಸಣ್ಣ ಬಾಣದ ಗುರುತು ಒತ್ತಿದ್ರೆ `ln` ಮತ್ತು `log` ಅಂತ ಎರಡು ಬಟನ್ ಕಾಣ್ತದೆ. ಯಾವುದನ್ನ ಬೇಕಾದ್ರೂ ಒತ್ತಬಹುದು, ಮೇಲೆ ಕೆಳಗೆ ಎರಡೂ ಕಡೆ ಒಂದೇ ಬಟನ್ ಆಗಿರ್ಬೇಕು, ಅಷ್ಟೇ. ಕೆಲವು ಫೋನಲ್ಲಿ ಮೊದಲು ಸಂಖ್ಯೆ ಬರೆದು ಆಮೇಲೆ `ln` ಒತ್ತಬೇಕಾಗ್ತದೆ.

```
ln(2.4) / ln(1.0175)
= 0.875469 / 0.0173486
= 50.463
```

50.463 ಅಂದ್ರೆ ವರ್ಷ ಅಲ್ಲ, ಕ್ವಾರ್ಟರ್! ದರವನ್ನ 4ರಿಂದ ಭಾಗಿಸಿದ ಕಾರಣ ಉತ್ತರವೂ ಕ್ವಾರ್ಟರಲ್ಲೇ ಬರ್ತದೆ. 4ರಿಂದ ಭಾಗಿಸಿದ್ರೆ 12.616 ವರ್ಷ. ಇಲ್ಲಿ ಇನ್ನೊಂದು ಎಡವಟ್ಟು ಆಗುವುದುಂಟು, 12.616 ಅಂದ್ರೆ ಹನ್ನೆರಡು ವರ್ಷ ಆರು ತಿಂಗಳು ಅಂತ ಓದಿಬಿಡುವುದು. ಹಾಗಲ್ಲ, .616ನ್ನ 12ರಿಂದ ಗುಣಿಸ್ಬೇಕು, ಏಳು ತಿಂಗಳು ಮತ್ತೆ ಚೂರು ಆಗ್ತದೆ.

`log` ಬಟನ್ನಿಂದ ಮಾಡಿದ್ರೆ ಮೇಲೆ 0.380211, ಕೆಳಗೆ 0.00753442 ಬರ್ತದೆ, ಭಾಗಿಸಿದ್ರೆ ಅದೇ 50.463. ಎರಡರಿಂದಲೂ ಮಾಡಿ ನೋಡಿ, ಧೈರ್ಯ ಬರ್ತದೆ.

ಎಕ್ಸೆಲ್ ಇರುವವರಿಗೆ ಇದೂ ಆಗ್ತದೆ:

```
=NPER(7%/4, 0, -250000, 600000)
```

ಇಟ್ಟ ದುಡ್ಡಿಗೆ ಮೈನಸ್ ಹಾಕ್ಲೇಬೇಕು, ಮರೆತ್ರೆ `#NUM!` ಅಂತ ತೋರಿಸ್ತದೆ.

50.463 ಬಂತು, ಇನ್ನು ಎಂತ ಮಾಡುವುದು

ಅರ್ಧಂಬರ್ಧ ಕ್ವಾರ್ಟರ್ ಅಂತ ಬಡ್ಡಿ ಸೇರುವುದಿಲ್ಲ, ಕ್ವಾರ್ಟರ್ ಮುಗಿದಾಗ ಸೇರುವುದು. ಹಾಗಾಗಿ ಯಾವತ್ತೂ ಮೇಲಿನ ಪೂರ್ಣ ಸಂಖ್ಯೆಗೇ ಹೋಗ್ಬೇಕು, .463 ಅರ್ಧಕ್ಕಿಂತ ಕಡಿಮೆ ಅಂತ 50ಕ್ಕೆ ಇಳಿಸಬಾರದು. ಇಳಿಸಿದ್ರೆ ಎಂತ ಆಗ್ತದೆ ನೋಡಿ: 50 ಕ್ವಾರ್ಟರ್‌ಗೆ ಮಾವನ ದುಡ್ಡು 5,95,197 ರೂಪಾಯಿ ಆಗ್ತದೆ, ಆರು ಲಕ್ಷಕ್ಕೆ ಸುಮಾರು 4,800 ಕಡಿಮೆ. 51ಕ್ಕೆ 6,05,613. ಉತ್ತರ 51 ಕ್ವಾರ್ಟರ್, ಅಂದ್ರೆ 12 ವರ್ಷ 9 ತಿಂಗಳು. ಇಪ್ಪತ್ತು ವರ್ಷ ಅಂತ ಕೂತಿದ್ದ ಮಾವನ ಮುಖ ಅರಳಿತು.

ಹೀಗೆ ಕೆಳಗಿನ ಸಂಖ್ಯೆ, ಮೇಲಿನ ಸಂಖ್ಯೆ ಎರಡನ್ನೂ ವಾಪಸ್ ಹಾಕಿ ನೋಡುವುದೇ ಉತ್ತರ ಸರಿ ಉಂಟಾ ಅಂತ ತಿಳಿಯುವ ದಾರಿ. 1.0175ರ ಘಾತ 50, 51 ಅಂತ ಹಾಕಿ 2,50,000ರಿಂದ ಗುಣಿಸಿ, ಗುರಿ ಇವೆರಡರ ಮಧ್ಯೆ ಬಿದ್ರೆ ಲೆಕ್ಕ ಸರಿ. ಬೀಳದಿದ್ರೆ ಎಲ್ಲೋ ತಪ್ಪಿದೆ. ಇದಕ್ಕೆ ಒಂದು ನಿಮಿಷ ಸಾಕು, ಆದ್ರೂ ಹೆಚ್ಚಿನವರು ಮಾಡುವುದಿಲ್ಲ.

ಹಾಗಂತ .463ಕ್ಕೆ ಅರ್ಥವೇ ಇಲ್ಲ ಅಂತಲ್ಲ. ಮಧ್ಯದಲ್ಲಿ ಅವಧಿ ಮುಗಿಸುವುದಾದ್ರೆ ಉಳಿದ ದಿನಗಳಿಗೆ ಸರಳ ಬಡ್ಡಿ ಹಾಕ್ತಾರೆ ಅಂತಿಟ್ಕೊಳ್ಳಿ, 51ನೇ ಕ್ವಾರ್ಟರಿನ ಪೂರ್ತಿ ಬಡ್ಡಿ 10,416, ಅದರಲ್ಲಿ 4,803 ಬೇಕು, ಹಾಗಾದ್ರೆ 91 ದಿನದಲ್ಲಿ ಸುಮಾರು 42 ದಿನ. ಲಾಗ್ ಹೇಳಿದ .463ನ್ನ 91ರಿಂದ ಗುಣಿಸಿದ್ರೂ ಸುಮಾರು 42 ದಿನವೇ.

ಇನ್ನೊಂದು ಪರೀಕ್ಷೆ ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರದ್ದು. 2023ರ ಏಪ್ರಿಲಿನಿಂದ ಅದರ ದರ 7.5%, ವರ್ಷಕ್ಕೊಮ್ಮೆ ಚಕ್ರಬಡ್ಡಿ, 115 ತಿಂಗಳಿಗೆ ಡಬಲ್ ಅಂತ ಹೇಳಿದ್ರು. ಈ 115 ಎಲ್ಲಿಂದ ಬಂತು ಅಂತ ನಮ್ಮ ಕ್ರಮದಲ್ಲೇ ನೋಡಬಹುದು: ಪಟ್ಟು 2, ಹೆಜ್ಜೆ 1.075. `ln(2)/ln(1.075)` ಅಂದ್ರೆ 9.584 ವರ್ಷ, 12ರಿಂದ ಗುಣಿಸಿದ್ರೆ 115.01 ತಿಂಗಳು. ಎಷ್ಟು ಸರಿಯಾಗಿ ಕೂತದೆ ನೋಡಿ. 72ರ ಸೂತ್ರ ಹಾಕಿದ್ರೆ 9.6 ವರ್ಷ ಬರ್ತದೆ, ಅದೂ ಹತ್ತಿರವೇ, ಡಬಲ್ ಆದ ಕಾರಣ.

ಹೆಚ್ಚಾಗಿ ತಪ್ಪುವ ಜಾಗ

ಭಾಗಾಕಾರದ ಕೆಳಗಿನ ಸಂಖ್ಯೆ. 1.0175ರ ಲಾಗ್ ತೀರಾ ಸಣ್ಣದು, ಅದನ್ನ ನಡುವಿನಲ್ಲೇ ಚಿಕ್ಕದು ಮಾಡಿ ಬರೆದ್ರೆ ಉತ್ತರ ಓಡಿ ಹೋಗ್ತದೆ. 0.0173486ನ್ನ 0.017 ಅಂತ ಬರೆದ್ರೆ 51.5 ಬರ್ತದೆ, 52 ಕ್ವಾರ್ಟರ್ ಅಂತ ಹೇಳ್ತೀರಿ, ಮೂರು ತಿಂಗಳು ಸುಮ್ಮನೆ ಹೆಚ್ಚು. ಹಳೇ ನಾಲ್ಕಂಕಿಯ ಲಾಗ್ ಟೇಬಲಲ್ಲಿ 1.0175 ಅಂತ ನೋಡ್ಲಿಕ್ಕೇ ಆಗುವುದಿಲ್ಲ, 1.018 ಅಂತ ನೋಡಿದ್ರೆ 0.0077 ಸಿಗ್ತದೆ, 0.3802ನ್ನ ಅದರಿಂದ ಭಾಗಿಸಿದ್ರೆ 49.4, ಹಾಗಾಗಿ 50 ಕ್ವಾರ್ಟರ್ ಅಂತ ಬರ್ದು ಕೂತ್ರೆ ಆ ದಿನ ಬ್ಯಾಂಕಿಗೆ ಹೋದಾಗ ದುಡ್ಡು ಕಡಿಮೆ. ಮೇಲಿನ ಸಂಖ್ಯೆ 0.875469ನ್ನ 0.8755 ಅಂತ ಬರೆದ್ರೆ ಏನೂ ಆಗುವುದಿಲ್ಲ, ಕೆಳಗಿನದ್ದೇ ನಾಜೂಕು. ಹಾಗಾಗಿ ನಡುವೆ ಕಾಗದಕ್ಕೆ ಇಳಿಸಲೇ ಬೇಡಿ, ಒಂದೇ ಸಾಲಲ್ಲಿ ಫೋನಿಗೆ ಕೊಡಿ.

ಬೇರೆ ತಪ್ಪುಗಳು ಉತ್ತರ ನೋಡಿದ ಕೂಡ್ಲೇ ಗೊತ್ತಾಗ್ತದೆ. ಪಟ್ಟು ಮಾಡದೆ ನೇರ ಆರು ಲಕ್ಷದ ಲಾಗನ್ನ ಎರಡೂವರೆ ಲಕ್ಷದ ಲಾಗಿಂದ ಭಾಗಿಸಿದ್ರೆ 1.07 ಅಂತ ಬರ್ತದೆ, ಒಂದು ವರ್ಷದಲ್ಲಿ ಯಾರ ದುಡ್ಡೂ ಹೀಗೆ ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆ ಬಡ್ಡಿ ಸೇರುವಲ್ಲಿ ಹೆಜ್ಜೆ 1.07ರ ಬದಲು 1 ಮತ್ತು 7 ಕೂಡಿಸಿ 8 ಹಾಕಿದ್ರೆ 0.42. ಉತ್ತರ ಒಂದರ ಆಸುಪಾಸು ಬಂದ್ರೆ ಇದನ್ನೇ ಮೊದಲು ಹುಡುಕಿ. ಕಂಸ ತಪ್ಪು ಜಾಗದಲ್ಲಿ ಬೀಳುವುದೂ ಉಂಟು, `ln(2.4/1.0175)` ಅಂತ, ಅದು ಬೇರೆಯೇ ಲೆಕ್ಕ.

ಹತ್ತು ವರ್ಷದ ಗೋಡೆ

ಮಾವನಿಗೆ 12 ವರ್ಷ 9 ತಿಂಗಳು ಅಂತ ಹೇಳಿದ ಮೇಲೆ ನನಗೇ ನೆನಪಾಯ್ತು, ಬ್ಯಾಂಕುಗಳು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಎಫ್‌ಡಿ ತೆಕ್ಕೊಳ್ಳುವುದಿಲ್ಲ. ಹತ್ತು ವರ್ಷ ಆದ ಮೇಲೆ ಅವತ್ತಿನ ದರಕ್ಕೆ ನವೀಕರಿಸ್ಬೇಕು, ಅದು 7% ಇರ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ಲಾಗಿನ ಒಳ್ಳೇ ಗುಣ ಏನಂದ್ರೆ ದೂರವನ್ನ ತುಂಡು ಮಾಡಬಹುದು. ಮೊದಲ 40 ಕ್ವಾರ್ಟರಲ್ಲಿ 40 ಗುಣಿಸು 0.01734864, ಅಂದ್ರೆ 0.693946 ದೂರ ಹೋದ ಹಾಗೆ. ದುಡ್ಡು ಆಗ 5,00,399, ಬಹುತೇಕ ಡಬಲ್. ಒಟ್ಟು ದೂರ 0.875469, ಉಳಿದದ್ದು 0.181523. ಆಗ ದರ 6%ಗೆ ಇಳಿದಿತ್ತು ಅಂತ ಇಟ್ಕೊಳ್ಳಿ, ಹೆಜ್ಜೆ `ln(1.015)` ಅಂದ್ರೆ 0.0148886. ಭಾಗಿಸಿದ್ರೆ 12.19, ಮೇಲಕ್ಕೆ ಹೋದ್ರೆ 13 ಕ್ವಾರ್ಟರ್. ಒಟ್ಟು 53, ಅಂದ್ರೆ 13 ವರ್ಷ 3 ತಿಂಗಳು. ದರ ಒಂದು ಪರ್ಸೆಂಟ್ ಇಳಿದದ್ದಕ್ಕೆ ಆರು ತಿಂಗಳು ಹೆಚ್ಚು ಅಷ್ಟೇ, ಹೆದರುವಷ್ಟು ಅಲ್ಲ, ಹೆಚ್ಚಿನ ದಾರಿ ಮೊದಲೇ ಮುಗಿದಿರ್ತದೆ. ಬಡ್ಡಿಯಲ್ಲಿ ಟ್ಯಾಕ್ಸ್ ಹಿಡೀತಾರೆ ಅಂತಾದ್ರೂ ಹೀಗೇ, ಕೈಗೆ ಉಳಿಯುವ ದರ ಹಾಕಿ ಲೆಕ್ಕ ಮಾಡ್ಬೇಕು.

ಗುರಿಯೇ ಓಡ್ತಾ ಇದ್ದರೆ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಅತ್ತೆ ಒಳಗಿಂದ ಕೇಳ್ತಾ ಇದ್ರು, ಹೊರಗೆ ಬಂದು "ಆರು ಲಕ್ಷ ಅಂತ ಹೇಳುವುದು ಇವತ್ತಿನ ಫೀಸು ಅಲ್ವಾ, ಅವಳು ಕಾಲೇಜಿಗೆ ಹೋಗುವಾಗ ಅಷ್ಟೇ ಇರ್ತದಾ?" ಅಂದ್ರು. ಸರಿಯಾದ ಪ್ರಶ್ನೆ. ಖರ್ಚು ವರ್ಷಕ್ಕೆ 5% ಏರ್ತದೆ ಅಂತ ಇಟ್ಕೊಂಡ್ರೆ ದುಡ್ಡು ಮುಂದೆ ಹೋದ ಹಾಗೆ ಗುರಿಯೂ ಮುಂದೆ ಹೋಗ್ತದೆ. ಆಗ ನಿಜವಾದ ಹೆಜ್ಜೆ ಅಂದ್ರೆ ದುಡ್ಡಿನ ಹೆಜ್ಜೆಯಲ್ಲಿ ಗುರಿಯ ಹೆಜ್ಜೆ ಕಳೆದದ್ದು. ವರ್ಷದ ಲೆಕ್ಕಕ್ಕೆ ತರ್ಬೇಕು, ನಾಲ್ಕು ಕ್ವಾರ್ಟರ್ ಸೇರಿ 0.0693946, ಅದರಲ್ಲಿ `ln(1.05)` ಅಂದ್ರೆ 0.0487902 ಕಳೆದ್ರೆ ಉಳಿಯುವುದು 0.0206044. 0.875469ನ್ನ ಇದರಿಂದ ಭಾಗಿಸಿ. 42.5 ವರ್ಷ.

ಹನ್ನೆರಡೂ ಮುಕ್ಕಾಲಿನಿಂದ ನಲ್ವತ್ತೆರಡೂವರೆ. ಮಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಲೆಕ್ಕ ತಪ್ಪಿಲ್ಲ, ಎರಡು ಸಲ ಮಾಡಿದೆ. ಖರ್ಚು ಬಡ್ಡಿಗಿಂತ ಜೋರಾಗಿ ಏರಿದ್ರೆ ಈ ಕೆಳಗಿನ ಸಂಖ್ಯೆ ಸೊನ್ನೆ ಅಥವಾ ಮೈನಸ್ ಆಗ್ತದೆ, ಕ್ಯಾಲ್ಕುಲೇಟರ್ ಮೈನಸ್ ವರ್ಷ ತೋರಿಸ್ತದೆ ಅಥವಾ ಎರರ್ ಅಂತದೆ, ಅದರ ಅರ್ಥ ಫೋನ್ ಹಾಳಾಗಿದೆ ಅಂತಲ್ಲ, ಆ ದುಡ್ಡು ಆ ಗುರಿಯನ್ನ ಯಾವತ್ತೂ ಮುಟ್ಟುವುದಿಲ್ಲ ಅಂತ.

ಇಂಥ ಹೊತ್ತಲ್ಲಿ ವರ್ಷ ಕೇಳುವುದನ್ನ ಬಿಟ್ಟು ಪ್ರಶ್ನೆ ತಿರುಗಿಸ್ಬೇಕು. ಮೊಮ್ಮಗಳಿಗೆ ಹೇಗೂ 12 ವರ್ಷವೇ ಉಂಟು. 12 ವರ್ಷಕ್ಕೆ ಖರ್ಚು ಆರು ಲಕ್ಷ ಗುಣಿಸು 1.05ರ ಘಾತ 12, ಅಂದ್ರೆ ಸುಮಾರು 10,77,500. ಇಟ್ಟ ದುಡ್ಡು 48 ಕ್ವಾರ್ಟರಲ್ಲಿ 2.2996 ಪಟ್ಟು ಆಗ್ತದೆ. 10,77,500ನ್ನ ಅದರಿಂದ ಭಾಗಿಸಿದ್ರೆ ಸುಮಾರು 4,68,600. ಇವತ್ತು ಅಷ್ಟು ಇಡ್ಬೇಕು, ಎರಡೂವರೆ ಸಾಲದು. ಎರಡೂವರೆ ಮಾತ್ರ ಇಟ್ರೆ ಆಗ ಕೈಗೆ ಬರುವುದು 5,74,900, ಬೇಕಾದದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಮಾವ ಕ್ಯಾಲೆಂಡರ್ ಹಾಳೆಯಲ್ಲಿ ಹಳೇ ಇಪ್ಪತ್ತನ್ನ ಹೊಡೆದು ಹಾಕಿದ್ರು, 4,68,600 ಅಂತ ಬರ್ದು ಕೆಳಗೆ ಗೆರೆ ಎಳೆದ್ರು. ಎರಡೂವರೆ ಈಗಲೇ ಇಡ್ತೇನೆ, ಉಳಿದದ್ದು ಈ ವರ್ಷದ ಮಿಕ್ಕ ಅಡಿಕೆ ಮಾರಿದ ಮೇಲೆ ನೋಡುವ ಅಂದ್ರು. ಆ ದುಡ್ಡು ಆರು ತಿಂಗಳು ತಡವಾಗಿ ಬಂದ್ರೆ ಅದಕ್ಕೆ 48 ಅಲ್ಲ, 46 ಕ್ವಾರ್ಟರ್ ಮಾತ್ರ ಸಿಗುವುದು ಅಂತ ಹೇಳಿದೆ, ಅದನ್ನೂ ಬದಿಯಲ್ಲಿ ಬರೆದುಕೊಂಡ್ರು.